ತೆಂಗಿನಕಾಯಿಗೆ ಮೂರು ಕಣ್ಣು ಏಕೆ? ‘ತಪ್ಪು ಉತ್ತರ ಮಾತ್ರ’ ಸರಪಳಿ ಬೆಳೆಯುವುದು ಹೀಗೆ

‘ತೆಂಗಿನಕಾಯಿಗೆ ಮೂರು ಕಣ್ಣು ಏಕಿವೆ? ತಪ್ಪು ಉತ್ತರ ಮಾತ್ರ ಹೇಳಿ.’ ಇಂಥ ಪ್ರಶ್ನೆ ಬಿದ್ದರೆ ಗ್ರೂಪಿನಲ್ಲಿ ಎಂದೂ ಮಾತನಾಡದವರೂ ಟೈಪ್ ಮಾಡಲು ಶುರು ಮಾಡುತ್ತಾರೆ. ಇಲ್ಲಿ ತಪ್ಪಿದರೆ ಯಾರೂ ತಿದ್ದುವುದಿಲ್ಲವಲ್ಲ! ಸರಪಳಿ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ನಾವೇ ಒಂದನ್ನು ಕಟ್ಟಿದ್ದೇವೆ.

‘ಒಡೆಯೋರು ಯಾರು ಅಂತ ನೋಡಿಟ್ಕೊಳ್ಳೋಕೆ.’
‘ಅದಕ್ಕೆ ಎರಡು ಕಣ್ಣು ಸಾಕು. ಮೂರನೆಯದು ಚಟ್ನಿಗೆ ಎಷ್ಟು ಮೆಣಸಿನಕಾಯಿ ಹಾಕ್ತಾರೆ ಅಂತ ನೋಡೋಕೆ.’
‘ಆ ಮೆಣಸಿನಕಾಯಿ ಕಂಡು ಅತ್ತಿದ್ದೇ ಎಳನೀರು.’
‘ಹಾಗಾದ್ರೆ ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಣ್ಣೀರು ಹೋಗ್ತಿದೆ!’

ಮೊದಲ ಉತ್ತರ ಕಾಯಿಗೆ ಜೀವ ಕೊಟ್ಟು ದಾರಿ ಹಾಕಿತು. ಮುಂದಿನ ಪ್ರತಿಯೊಬ್ಬರೂ ಹಿಂದಿನವರ ಒಂದೇ ಒಂದು ವಸ್ತುವನ್ನು ಉಳಿಸಿಕೊಂಡು ಒಂದು ಹೆಜ್ಜೆ ಮಾತ್ರ ಮುಂದೆ ಹೋದರು. ಕಣ್ಣಿಂದ ಮೆಣಸಿನಕಾಯಿ, ಮೆಣಸಿನಕಾಯಿಂದ ಕಣ್ಣೀರು, ಕಣ್ಣೀರಿಂದ ಲಾರಿ. ಊರೇ ಹುಚ್ಚು ಊರು, ಆದರೆ ಅದರೊಳಗೆ ಲೆಕ್ಕ ಸರಿಯಾಗಿದೆ. ಎರಡನೆಯವರೇ ‘ಲಾರಿ ಕಣ್ಣೀರು’ ಎಂದಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಸರಪಳಿ ಅಲ್ಲೇ ಕಡಿಯುತ್ತಿತ್ತು.

ಈಗ ಐದನೆಯವರು ಬಂದು ಹೀಗೆ ಬರೆಯುತ್ತಾರೆ ಎಂದುಕೊಳ್ಳಿ: ‘ಮೂರನೇ ಕಣ್ಣಿನಿಂದ ಎಳನೀರು ಕುಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ.’ ಇದೂ ತಪ್ಪು ಉತ್ತರವೇ, ನಿಯಮ ಮುರಿದಿಲ್ಲ. ಆದರೆ ಇದರಲ್ಲಿ ಕಣ್ಣೀರಿಲ್ಲ, ಲಾರಿಯಿಲ್ಲ, ಹಿಂದಿನ ಯಾವ ಕೊಂಡಿಯೂ ಇಲ್ಲ. ಮುಂದಿನವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಹೌದಾ? ಎಷ್ಟು ದಿನ ಕುಡಿಯಬೇಕು?’ ಎಂದು ಯಾರಾದರೂ ಕೇಳಿದರೆ ಆಟ ಮುಗಿದಂತೆಯೇ.

ನಮಗೆ ಭಯ ಇಂಥ ಉತ್ತರದ್ದೇ. ‘ಎಳನೀರು ಎಂದರೆ ಕಣ್ಣೀರು’ ಎಂಬುದನ್ನು ಸ್ಕ್ರೀನ್‌ಶಾಟ್ ತೆಗೆದು ಎಲ್ಲಿಗೆ ಕಳಿಸಿದರೂ ಜೋಕಾಗಿಯೇ ಉಳಿಯುತ್ತದೆ, ಏಕೆಂದರೆ ತಪ್ಪು ಅದರ ಮುಖದ ಮೇಲೇ ಇದೆ. ಸಕ್ಕರೆ ಕಾಯಿಲೆಯ ಸಾಲು ಹಾಗಲ್ಲ. ಅದು ತಪ್ಪು ಎಂದು ಹೇಳುತ್ತಿದ್ದುದು ಮೇಲಿನ ಪ್ರಶ್ನೆ ಒಂದೇ. ಕ್ರಾಪ್ ಮಾಡುವಾಗ ಮೊದಲು ಹೋಗುವುದೂ ಅದೇ. ಉಳಿದದ್ದು ಮನೆಮದ್ದಿನ ಫಾರ್ವರ್ಡ್‌ನ ಪಡಿಯಚ್ಚು.

ಎಳನೀರಿನಲ್ಲಿ ಸಹಜವಾಗಿಯೇ ಸಕ್ಕರೆ ಇದೆ. ಮಧುಮೇಹ ಇರುವವರು ಅದನ್ನೂ ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಯಾವ ಕಣ್ಣಿನಿಂದ ಕುಡಿದರೂ ಅದು ಮಾತ್ರೆಗೆ ಬದಲಿಯಲ್ಲ. ಕ್ರಾಪ್ ಆದ ಇಂಥ ತುಣುಕು ನಿಮಗೆ ಬಂದರೆ ಪೂರ್ತಿ ಸಂಭಾಷಣೆ ಕಳಿಸಲು ಹೇಳಿ. ಅದರ ಮೇಲೊಂದು, ಕೆಳಗೊಂದು ಉತ್ತರ ನೋಡಿದರೆ ಸಾಕು, ಆಟವೋ ಅಲ್ಲವೋ ತಿಳಿಯುತ್ತದೆ.

ಅಂದ ಹಾಗೆ, ಪ್ರಶ್ನೆಗೆ ಸರಿ ಉತ್ತರವೂ ಇದೆ. ತೆಂಗಿನ ಹೂವಿನ ಅಂಡಾಶಯದಲ್ಲಿ ಮೂರು ಭಾಗಗಳಿರುತ್ತವೆ, ಮೂರು ಕಣ್ಣು ಅವುಗಳ ಗುರುತು. ಸಾಮಾನ್ಯವಾಗಿ ಒಂದೇ ಭಾಗ ಬೀಜವಾಗಿ ಬೆಳೆಯುತ್ತದೆ. ಆ ಕಣ್ಣು ಮಾತ್ರ ಮೆತ್ತಗಿದ್ದು, ಮೊಳಕೆ ಅದರಿಂದಲೇ ಹೊರಬರುತ್ತದೆ.