ದಾವೆಗೆ ದುಡ್ಡು ಹಾಕಿದವನು ಸೋತಾಗ ಎಲ್ಲಿರುತ್ತಾನೆ?

ಕೈಯಲ್ಲಿ ಕಾಸಿಲ್ಲ, ಆದರೆ ಗೆಲ್ಲಬಹುದಾದ ದಾವೆ ಇದೆ. ಆಗ ದಾವೆಗೆ ಸಂಬಂಧವೇ ಇಲ್ಲದ ಹಣಕಾಸು ಕಂಪನಿಯೊಂದು ಬಂದು ವಕೀಲರ ಶುಲ್ಕ, ಮಧ್ಯಸ್ಥಗಾರರ ಶುಲ್ಕ ಎಲ್ಲವನ್ನೂ ಕಟ್ಟುತ್ತದೆ. ಗೆದ್ದರೆ ಅದಕ್ಕೊಂದು ಪಾಲು. ಸೋತರೆ ಹಾಕಿದ ಹಣ ಹೋಯಿತು, ವಾಪಸು ಕೇಳುವಂತಿಲ್ಲ. ಹಾಗಾಗಿ ಇದು ಸಾಲವಲ್ಲ, ದಾವೆಯ ಮೇಲಿನ ಹೂಡಿಕೆ. ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಈ ವ್ಯವಹಾರ ಈಗ ಮಾಮೂಲಿ. ತಕರಾರು ಶುರುವಾಗುವುದು ಕೊನೆಯಲ್ಲಿ, ಖರ್ಚಿನ ಲೆಕ್ಕ ಹಾಕುವಾಗ.

ನಮ್ಮ ಎಸ್ಸಾರ್ ಸಮೂಹದ ಕಂಪನಿಯೊಂದು ಲಂಡನ್ನಿನಲ್ಲಿ ಕಂಡ ಸೋಲನ್ನೇ ನೋಡಿ. ಸಮುದ್ರದಲ್ಲಿ ತೈಲಬಾವಿ ಕೊರೆಯುವ ರಿಗ್ ಒಂದನ್ನು ನಡೆಸಿಕೊಡುವ ಗುತ್ತಿಗೆ ನಾರ್ಸ್‌ಕಾಟ್ ಕಂಪನಿಯದಾಗಿತ್ತು. ಎಸ್ಸಾರ್ ಒಪ್ಪಂದ ಮುರಿಯಿತು, ವಿಷಯ ಮಧ್ಯಸ್ಥಿಕೆಗೆ ಹೋಯಿತು. ದಾವೆ ನಡೆಸಲು ಹಣವಿಲ್ಲದ ನಾರ್ಸ್‌ಕಾಟ್ ಹೂಡಿಕೆದಾರರಿಂದ 6,47,000 ಪೌಂಡ್ ಪಡೆಯಿತು. ಗೆದ್ದರೆ ಆ ಮೊತ್ತದ ಮೂರು ಪಟ್ಟು, ಇಲ್ಲವೇ ಪರಿಹಾರದ ಶೇ. 35, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕೆಂಬುದು ಷರತ್ತು. ನಾರ್ಸ್‌ಕಾಟ್ ಗೆದ್ದಿತು. ಹೂಡಿಕೆದಾರರಿಗೆ ಸಲ್ಲಬೇಕಾದ ಸುಮಾರು 19.4 ಲಕ್ಷ ಪೌಂಡನ್ನೂ ಎಸ್ಸಾರ್‌ನಿಂದಲೇ ಕೊಡಿಸಿ ಎಂದು ಕೇಳಿತು.

ಮಧ್ಯಸ್ಥಗಾರ ಸರ್ ಫಿಲಿಪ್ ಆಟನ್ ಕೊಡಿಸಿದರು. ಎಸ್ಸಾರ್ ಬೇಕೆಂದೇ ಎದುರಾಳಿಯನ್ನು ಆರ್ಥಿಕವಾಗಿ ಕುಗ್ಗಿಸಿತ್ತು, ಹೊರಗಿನ ಹಣ ತರದೆ ಅದಕ್ಕೆ ಬೇರೆ ದಾರಿ ಇರಲಿಲ್ಲ ಎಂಬುದು ಅವರ ನಿರ್ಣಯ. ಎಸ್ಸಾರ್ ಇಂಗ್ಲೆಂಡಿನ ಹೈಕೋರ್ಟಿಗೆ ಹೋಯಿತು. ಅಲ್ಲಿನ 1996ರ ಮಧ್ಯಸ್ಥಿಕೆ ಕಾಯ್ದೆಯ 59ನೇ ಕಲಮಿನಲ್ಲಿ ಕಕ್ಷಿದಾರರ ‘ಕಾನೂನು ವೆಚ್ಚ ಅಥವಾ ಇತರ ವೆಚ್ಚ’ ಎಂಬ ಮಾತಿದೆ. ಹೂಡಿಕೆದಾರರ ಲಾಭವೂ ‘ಇತರ ವೆಚ್ಚ’ದಲ್ಲಿ ಬರಬಹುದು ಎಂದು ಕೋರ್ಟು 2016ರಲ್ಲಿ ಹೇಳಿತು. ಎರಡೇ ಪದ, ಹತ್ತೊಂಬತ್ತು ಲಕ್ಷ ಪೌಂಡ್!

ಈಗ ನಾಣ್ಯವನ್ನು ತಿರುಗಿಸಿ. ಹೂಡಿಕೆ ಪಡೆದ ಫಿರ್ಯಾದಿಯೇ ಸೋತರೆ? ಎದುರಾಳಿಯ ಖರ್ಚನ್ನು ಸೋತವರು ಕೊಡಬೇಕೆಂದು ಆದೇಶವಾಗುತ್ತದೆ. ಆದರೆ ಅವರ ಬಳಿ ಮೊದಲಿಂದಲೂ ಏನೂ ಇಲ್ಲ. ಇಂಥದೇ ಒಂದು ಪ್ರಕರಣ ದೆಹಲಿ ಹೈಕೋರ್ಟಿಗೆ ಬಂತು. ಗೆದ್ದ ಎಸ್‌ಬಿಎಸ್ ಹೋಲ್ಡಿಂಗ್ಸ್ ತನ್ನ ಖರ್ಚು ವಸೂಲಿಗೆ ಹೂಡಿಕೆದಾರ ಟುಮಾರೊ ಸೇಲ್ಸ್ ಏಜೆನ್ಸಿಯ ಬೆನ್ನು ಹತ್ತಿತು. ಏಕಸದಸ್ಯ ಪೀಠ ಹೂಡಿಕೆದಾರರ ವಿರುದ್ಧ ಆದೇಶ ಕೊಟ್ಟಿತ್ತು. 2023ರ ಮೇನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಹೂಡಿಕೆದಾರರು ಮಧ್ಯಸ್ಥಿಕೆಯ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವರ ಮೇಲೆ ತೀರ್ಪೂ ಆಗಿಲ್ಲ, ಮತ್ತೆ ಅವರೇಕೆ ತೆರಬೇಕು ಎಂಬುದು ಅದರ ತರ್ಕ. ಕಾನೂನಿನ ಲೆಕ್ಕಕ್ಕೆ ಸರಿಯೇ. ಆದರೂ ಲಾಭಕ್ಕೆ ಮುಂದೆ ಬಂದವರು ನಷ್ಟಕ್ಕೆ ಮರೆಯಾಗುವುದು ನನಗೆ ಕಸಿವಿಸಿಯ ಸಂಗತಿ.

ಆದ್ದರಿಂದ ಪ್ರತಿವಾದಿ ಎಚ್ಚರವಾಗಬೇಕಾದ್ದು ಶುರುವಿನಲ್ಲೇ. ‘ನಾಳೆ ಇವರು ಸೋತರೆ ನನ್ನ ಖರ್ಚಿಗೆ ಯಾರು ಗತಿ? ಈಗಲೇ ಬ್ಯಾಂಕ್ ಗ್ಯಾರಂಟಿ ಇಡಿಸಿ’ ಎಂದು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇದೇ ಖರ್ಚಿನ ಭದ್ರತೆ. ಕೆರಿಬಿಯನ್ನಿನ ಪುಟ್ಟ ದ್ವೀಪರಾಷ್ಟ್ರ ಸೇಂಟ್ ಲೂಸಿಯಾ ಮಾಡಿದ್ದು ಅದನ್ನೇ. ತೈಲ ಶೋಧನೆಯ ಒಪ್ಪಂದದ ವಿಚಾರವಾಗಿ ಅದರ ಮೇಲೆ ಅಮೆರಿಕದ ಆರ್‌ಎಸ್‌ಎಂ ಕಂಪನಿ ವಿಶ್ವಬ್ಯಾಂಕ್ ಸಮೂಹದ ಇಕ್ಸಿಡ್ ಕೇಂದ್ರದಲ್ಲಿ ದಾವೆ ಹೂಡಿತ್ತು. 2014ರ ಆಗಸ್ಟ್‌ನಲ್ಲಿ ಮಂಡಳಿ ಬಹುಮತದಿಂದ 7,50,000 ಡಾಲರ್ ಭದ್ರತೆ ಕೇಳಿತು. ಹೊರಗಿನ ಹಣ ಇದ್ದದ್ದೊಂದೇ ಇದಕ್ಕೆ ಕಾರಣವಲ್ಲ. ಆರ್‌ಎಸ್‌ಎಂ ಹಿಂದಿನ ದಾವೆಗಳಲ್ಲೂ ಖರ್ಚಿನ ಬಾಕಿ ಉಳಿಸಿಕೊಂಡಿತ್ತು. ಬಾಕಿಯ ಚಾಳಿ, ಬರಿಗೈ, ಹಿಂದೆ ನಿಂತ ಹೂಡಿಕೆದಾರ, ಮೂರೂ ಸೇರಿದಾಗ ಮಂಡಳಿ ಒಪ್ಪಿತು. ಆರ್‌ಎಸ್‌ಎಂ ಹಣ ಇಡಲಿಲ್ಲ, ದಾವೆ ಅಲ್ಲಿಗೇ ನಿಂತಿತು.

ಇಕ್ಸಿಡ್ ತನ್ನ 2022ರ ನಿಯಮಗಳಲ್ಲಿ ಇದನ್ನು ಬರೆದಿಟ್ಟಿದೆ. ಹೂಡಿಕೆದಾರರು ಯಾರೆಂದು ಬಹಿರಂಗಪಡಿಸಲೇಬೇಕು. ಭದ್ರತೆಯ ಅರ್ಜಿ ಬಂದಾಗ ಹೊರಗಿನ ಹಣ ಇರುವುದನ್ನೂ ಸಾಕ್ಷ್ಯದ ಭಾಗವಾಗಿ ಗಮನಿಸಬೇಕು. ಕಟ್ಟುವ ಶಕ್ತಿ, ಕಟ್ಟುವ ಮನಸ್ಸು, ಭದ್ರತೆಯ ಹೊರೆಗೆ ದಾವೆಯೇ ಮುಳುಗುತ್ತದೆಯೇ ಎಂಬುದು, ಕಕ್ಷಿದಾರರ ನಡತೆ, ಇಷ್ಟನ್ನೂ ಮಂಡಳಿ ತೂಗಬೇಕು.

ಆ ಕೊನೆಯ ಮಾತಿಗೆ ತೂಕವಿದೆ. ನಾರ್ಸ್‌ಕಾಟ್ ಬಳಿ ಎಸ್ಸಾರ್ ಭದ್ರತೆ ಕೇಳಿತ್ತು ಎಂದುಕೊಳ್ಳಿ. ಹಣವಿಲ್ಲದ ಮಾತು ನಿಜ. ಆದರೆ ಆ ಜೇಬನ್ನು ಬರಿದು ಮಾಡಿದವರು ಯಾರು ಎಂದು ಮಂಡಳಿ ಮೊದಲು ಕೇಳಬೇಕಾಗುತ್ತಿತ್ತು.