ತಪ್ಪಿದ್ದರೂ ನಿಲ್ಲುವ ತೀರ್ಪುಗಳು

ಮಧ್ಯಸ್ಥಿಕೆಯ ತೀರ್ಪೊಂದು ತಪ್ಪೆಂದು ಕಂಡೊಡನೆ ಯಾವುದಾದರೊಂದು ನ್ಯಾಯಾಲಯವು ಅದನ್ನು ತಿದ್ದಿಯೇ ತೀರಬೇಕೆಂಬ ನಂಬಿಕೆಯು ವಿದ್ಯಾವಂತರಲ್ಲಿಯೂ ಎಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ, ಈ ವಾರ ದೂರದರ್ಶನದ ಚರ್ಚೆಯೊಂದರಲ್ಲಿ ಕಾನೂನುಪಂಡಿತರೆಂದು ಆಹ್ವಾನಿತರಾಗಿದ್ದ ಮಹನೀಯರೊಬ್ಬರು ಆಂತ್ರಿಕ್ಸ್–ದೇವಾಸ್ ವ್ಯಾಜ್ಯವನ್ನು ಕುರಿತು ಗಂಟಲು ಹರಿದುಕೊಂಡ ಪರಿಯೇ ಸಾಕ್ಷಿ. ದೆಹಲಿಯಲ್ಲಿ ಬಿದ್ದ ತೀರ್ಪು ಯೂರೋಪಿನಲ್ಲಿ ನಿಂತದ್ದೇಕೆ, ಇದು ರಾಷ್ಟ್ರಕ್ಕೆ ಅವಮಾನವಲ್ಲವೆ, ಎಂಬುದು ಅವರ ಆಕ್ರೋಶ. ದೆಹಲಿಯಲ್ಲಿ ಬಿದ್ದದ್ದೇ ಬೇರೆ ತೀರ್ಪು, ಯೂರೋಪಿನಲ್ಲಿ ನಿಂತದ್ದೇ ಬೇರೆ ತೀರ್ಪು ಎಂಬಷ್ಟನ್ನಾದರೂ ಅವರು ಮನೆಯಿಂದ ಹೊರಡುವ ಮುನ್ನ ತಿಳಿದುಕೊಂಡಿದ್ದರೆ ನನ್ನ ಈ ವಾರದ ಅಂಕಣವು ಬೇರೊಂದು ವಿಷಯಕ್ಕೆ ಮೀಸಲಾಗುತ್ತಿತ್ತು.

ಒಂದೇ ಕರಾರಿನ ಹೊಟ್ಟೆಯಲ್ಲಿ ಹುಟ್ಟಿದ ವಿವಾದಗಳಿವು. ಬೆಂಗಳೂರಿನ ಆಂತ್ರಿಕ್ಸ್ ಸಂಸ್ಥೆಯು 2005ರ ಜನವರಿಯಲ್ಲಿ ದೇವಾಸ್ ಕಂಪನಿಗೆ ಉಪಗ್ರಹದ ತರಂಗಾಂತರವನ್ನು ಗುತ್ತಿಗೆ ಕೊಡಲೊಪ್ಪಿತು. 2011ರಲ್ಲಿ ಕರಾರು ರದ್ದಾಯಿತು. ದೇವಾಸ್ ಕಂಪನಿಯು ಕರಾರಿನನ್ವಯ ವಾಣಿಜ್ಯ ಮಧ್ಯಸ್ಥಿಕೆಗೆ ಹೋಗಿ 2015ರಲ್ಲಿ 56.25 ಕೋಟಿ ಡಾಲರುಗಳ ತೀರ್ಪನ್ನು ಪಡೆಯಿತು. ಅದರ ವಿದೇಶೀ ಬಂಡವಾಳಗಾರರಾದರೋ ಕರಾರನ್ನು ಬಿಟ್ಟು, ಭಾರತ ಸರ್ಕಾರವು ತಮ್ಮ ತಮ್ಮ ದೇಶಗಳೊಡನೆ ಮಾಡಿಕೊಂಡಿದ್ದ ಹೂಡಿಕೆಯ ಒಪ್ಪಂದಗಳನ್ನು ಹಿಡಿದು, ಸರ್ಕಾರದ ಮೇಲೆಯೇ ಪ್ರತ್ಯೇಕವಾದ ಮಧ್ಯಸ್ಥಿಕೆಗಳನ್ನು ಹೂಡಿ ಗೆದ್ದರು. ಮೊದಲನೆಯದು ನಮ್ಮ 1996ರ ಅಧಿನಿಯಮದ 34ನೆಯ ಕಲಮಿನ ಕೆಳಗೆ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಬಂದು, ವಂಚನೆ, ಎದ್ದು ಕಾಣುವ ಅಕ್ರಮ ಮತ್ತು ಸಾರ್ವಜನಿಕ ನೀತಿಯ ವಿರೋಧ ಎಂಬ ಕಾರಣಗಳಿಂದ 2022ರ ಆಗಸ್ಟಿನಲ್ಲಿ ಉರುಳಿತು. ಜರ್ಮನಿಯ ಡಾಯ್ಚ ಟೆಲಿಕಾಮ್ ಕಂಪನಿಯು ಹೂಡಿದ್ದ ಮಧ್ಯಸ್ಥಿಕೆಯ ಪೀಠಸ್ಥಾನವು ಜಿನೀವಾ ಆಗಿದ್ದುದರಿಂದ ಭಾರತದ ಆಕ್ಷೇಪವು ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆ ನ್ಯಾಯಾಲಯವು ಪೀಠದ ರಚನೆ, ಅಧಿಕಾರವ್ಯಾಪ್ತಿ, ಪಕ್ಷಗಾರರ ಮಾತನ್ನು ಆಲಿಸಿದ ರೀತಿ ಮುಂತಾದವನ್ನು ನೋಡುವುದೇ ಹೊರತು ಮಧ್ಯಸ್ಥರು ಕಾನೂನನ್ನು ಸರಿಯಾಗಿ ಓದಿದರೆ ಎಂಬುದನ್ನು ನೋಡುವುದಿಲ್ಲ. ಸಾರ್ವಜನಿಕ ನೀತಿಯೆಂಬ ಕಾರಣವು ಅಲ್ಲಿಯೂ ಉಂಟಾದರೂ ಅದರ ಕಿಂಡಿ ಬಹಳ ಕಿರಿದು. 2018ರ ಡಿಸೆಂಬರಿನಲ್ಲಿ ಭಾರತದ ಅರ್ಜಿ ವಜಾ ಆಯಿತು. ಇದರಲ್ಲಿ ಅವಮಾನದ ಮಾತೇನು? ಪೀಠಸ್ಥಾನದ ಕಾನೂನು ಎಷ್ಟು ಅಗಲವೋ ಆಕ್ಷೇಪಕ್ಕೆ ಅಷ್ಟೇ ಅವಕಾಶ.

ಇದಕ್ಕಿಂತಲೂ ಕಿರಿದಾದ ಇನ್ನೊಂದು ದ್ವಾರವಿದೆ. ವಿಶ್ವಬ್ಯಾಂಕಿನ ಆಶ್ರಯದಲ್ಲಿ ನಡೆಯುವ, ಭಾರತವು ಇಂದಿಗೂ ಸದಸ್ಯನಾಗದೆ ಉಳಿದಿರುವ, ಇಕ್ಸಿಡ್ ಎಂಬ ವ್ಯವಸ್ಥೆಯ ತೀರ್ಪುಗಳನ್ನು ಪ್ರಪಂಚದ ಯಾವ ದೇಶದ ನ್ಯಾಯಾಲಯವೂ ರದ್ದು ಮಾಡುವಂತಿಲ್ಲ. ಸೋತವರು ಸಾಮಾನ್ಯವಾಗಿ ತೀರ್ಪು ಬಂದ 120 ದಿವಸಗಳೊಳಗೆ ಅರ್ಜಿ ಸಲ್ಲಿಸಿದರೆ ಮೂವರು ಸದಸ್ಯರ ತಾತ್ಕಾಲಿಕ ಸಮಿತಿಯೊಂದು ಅದನ್ನು ವಿಚಾರಿಸುತ್ತದೆ. ಪೀಠದ ರಚನೆಯು ಕ್ರಮಬದ್ಧವಾಗಿರದಿದ್ದರೆ, ಅದು ತನ್ನ ಅಧಿಕಾರವನ್ನು ಸ್ಪಷ್ಟವಾಗಿ ಮೀರಿದ್ದರೆ, ಮಧ್ಯಸ್ಥನೊಬ್ಬನು ಭ್ರಷ್ಟನಾಗಿದ್ದರೆ, ವಿಚಾರಣೆಯ ಮೂಲನಿಯಮವೊಂದಕ್ಕೆ ಗಂಭೀರವಾದ ಭಂಗ ಬಂದಿದ್ದರೆ, ಅಥವಾ ತೀರ್ಪಿಗೆ ಕಾರಣಗಳನ್ನೇ ಕೊಡದಿದ್ದರೆ ಮಾತ್ರ ಆ ಸಮಿತಿಯು ರದ್ದು ಮಾಡಬಹುದು. ಸಾರ್ವಜನಿಕ ನೀತಿಯೆಂಬುದು ಈ ಪಟ್ಟಿಯಲ್ಲಿಲ್ಲ. ಕಾನೂನಿನ ತಪ್ಪೂ ಇಲ್ಲ.

ಇಲ್ಲವೆಂದರೆ ಎಷ್ಟರ ಮಟ್ಟಿಗೆ ಇಲ್ಲವೆಂಬುದನ್ನು ಅರಿಯಬೇಕಾದರೆ ಅರ್ಜೆಂಟೀನಾದ ಸಿಎಂಎಸ್ ಪ್ರಕರಣವನ್ನು ಓದಬೇಕು. ಅಮೆರಿಕದ ಈ ಕಂಪನಿಯು ಅರ್ಜೆಂಟೀನಾದ ಅನಿಲಸಾಗಣೆಯ ಸಂಸ್ಥೆಯೊಂದರಲ್ಲಿ ಶೇಕಡಾ 29ಕ್ಕೂ ಮಿಕ್ಕ ಪಾಲನ್ನು ಹೊಂದಿತ್ತು; ಅನಿಲಸಾಗಣೆಯ ದರವನ್ನು ಡಾಲರಿನಲ್ಲಿ ಲೆಕ್ಕ ಹಾಕಿ ಪೆಸೋಗಳಲ್ಲಿ ವಸೂಲು ಮಾಡುವ ಆಶ್ವಾಸನೆಯೂ ದೊರೆತಿತ್ತು. 2002ರ ಆರ್ಥಿಕ ಪ್ರಳಯದಲ್ಲಿ ಸರ್ಕಾರವು ಪೆಸೋ–ಡಾಲರುಗಳ ಗಂಟನ್ನು ಬಿಚ್ಚಿ ಆ ಆಶ್ವಾಸನೆಯನ್ನೂ ಅಳಿಸಿತು. 2005ರಲ್ಲಿ ಮಧ್ಯಸ್ಥರು ಕಂಪನಿಗೆ 13.32 ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿದರು. ತುರ್ತು ಪರಿಸ್ಥಿತಿಯಲ್ಲಿ ಸಾರ್ವಜನಿಕ ಶಾಂತಿಯನ್ನೂ ಮೂಲಭೂತ ಭದ್ರತೆಯನ್ನೂ ಕಾಪಾಡುವ ಕ್ರಮಗಳಿಗೆ ಉಭಯದೇಶಗಳ ಒಪ್ಪಂದದ 11ನೆಯ ವಿಧಿಯು ಆಸ್ಪದವನ್ನಿತ್ತಿದ್ದರೂ, ಮಧ್ಯಸ್ಥರು ಆ ವಿಧಿಯನ್ನೂ ಅಂತರರಾಷ್ಟ್ರೀಯ ರೂಢಿಯ ‘ಅನಿವಾರ್ಯತೆ’ಯ ಸಮಾಧಾನವನ್ನೂ ಒಂದೇ ಎಂದು ಭಾವಿಸಿ, ಎರಡನೆಯದರ ಕಠಿಣವಾದ ಷರತ್ತುಗಳನ್ನು ಮೊದಲನೆಯದರ ಮೇಲೆ ಹೇರಿಬಿಟ್ಟಿದ್ದರು. ಈ ಎರಡರ ಅಂತರವೋ ಅಲ್ಪವಲ್ಲ: 11ನೆಯ ವಿಧಿಯು ಅನ್ವಯಿಸಿದರೆ ಒಪ್ಪಂದವು ಮುರಿದೇ ಇಲ್ಲವೆಂದಾಗುತ್ತದೆ; ‘ಅನಿವಾರ್ಯತೆ’ಯಾದರೋ ಒಪ್ಪಂದವು ಮುರಿದ ಮೇಲೆ ಕೇಳುವ ಕ್ಷಮೆ.

ರದ್ದತಿಯ ಸಮಿತಿಯಲ್ಲಿ ಕುಳಿತಿದ್ದವರು ಗಿಲ್ಬರ್ಟ್ ಗಿಯೋಮ್, ನಬೀಲ್ ಎಲಾರಬಿ ಮತ್ತು ಜೇಮ್ಸ್ ಕ್ರಾಫರ್ಡ್. ಮಧ್ಯಸ್ಥರು ಎಡವಿದ್ದ ‘ಅನಿವಾರ್ಯತೆ’ಯ ಸೂತ್ರವು ಸೇರಿರುವ, ರಾಷ್ಟ್ರಗಳ ಹೊಣೆಗಾರಿಕೆಯ ನಿಯಮಾವಳಿಯನ್ನು ವಿಶ್ವಸಂಸ್ಥೆಯ ಆಯೋಗದಲ್ಲಿ 2001ರಲ್ಲಿ ಮುಗಿಸಿಕೊಟ್ಟವರೇ ಕ್ರಾಫರ್ಡ್! ಸಮಿತಿಯು 2007ರ ಸೆಪ್ಟೆಂಬರಿನಲ್ಲಿ ಈ ತಪ್ಪುಗಳನ್ನು ಮುಚ್ಚುಮರೆಯಿಲ್ಲದೆ ಎತ್ತಿ ತೋರಿಸಿತು. ತಾನು ಮೇಲ್ಮನವಿಯ ನ್ಯಾಯಾಲಯವಾಗಿದ್ದರೆ ತೀರ್ಪನ್ನು ಮರುಪರಿಶೀಲಿಸಬೇಕಾಗುತ್ತಿತ್ತೆಂದೂ ಬರೆಯಿತು. ಬರೆದ ಬಳಿಕ, ವಿಧಿಯನ್ನು ಅಸ್ಪಷ್ಟವಾಗಿಯೂ ದೋಷಯುಕ್ತವಾಗಿಯೂ ಆದರೂ ಮಧ್ಯಸ್ಥರು ಅನ್ವಯಿಸಿರುವರಾದ್ದರಿಂದ ಅಧಿಕಾರವನ್ನು ಮೀರಿದಂತಾಗಲಿಲ್ಲವೆಂದು ಹೇಳಿ ಕೈತೊಳೆದುಕೊಂಡಿತು. ಕಾರಣ ಕೊಡದಿದ್ದ ಒಂದು ಭಾಗವನ್ನಷ್ಟೇ ರದ್ದು ಮಾಡಿತಾದರೂ, ಉಳಿದ ಭಾಗದ ಆಧಾರದ ಮೇಲೆಯೇ ಪರಿಹಾರದ ಹಣವು ಕಾಸೂ ಕಡಿಮೆಯಾಗದೆ ನಿಂತಿತು.

ಇಷ್ಟಕ್ಕೇ ಮುಗಿದಿದ್ದರೆ, ನಿಯಮವು ನಿಷ್ಠುರವಾದರೂ ನಿಶ್ಚಿತವೆಂದು ನಾನು ಸುಮ್ಮನಾಗುತ್ತಿದ್ದೆ. ಮೂರು ವರ್ಷಗಳ ತರುವಾಯ ಸೆಂಪ್ರಾ ಎಂಬ ಇನ್ನೊಂದು ಅಮೆರಿಕನ್ ಕಂಪನಿಯ ಪ್ರಕರಣದಲ್ಲಿ, ಅದೇ ದೇಶ, ಅದೇ ಬಿಕ್ಕಟ್ಟು, ಅದೇ 11ನೆಯ ವಿಧಿ, ಬಹುಮಟ್ಟಿಗೆ ಅದೇ ತಪ್ಪು ಇದ್ದಾಗ, ಬೇರೆ ಮೂವರ ಸಮಿತಿಯು ವಿಧಿಯನ್ನು ಅನ್ವಯಿಸಿಯೇ ಇಲ್ಲವಾದ್ದರಿಂದ ಇದು ಅಧಿಕಾರದ ಸ್ಪಷ್ಟ ಅತಿಕ್ರಮಣವೆಂದು ಘೋಷಿಸಿ ತೀರ್ಪನ್ನು ಇಡಿಯಾಗಿ ರದ್ದುಪಡಿಸಿತು. ತಪ್ಪಾಗಿ ಅನ್ವಯಿಸುವುದಕ್ಕೂ ಅನ್ವಯಿಸದೇ ಇರುವುದಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೇಳುವ ಮೇಲಿನ ಪೀಠವೊಂದು ಇಕ್ಸಿಡ್‌ನಲ್ಲಿ ಇಲ್ಲ. ಮೂವರು ಸೇರಿ, ಗೆರೆಯೆಳೆದು, ಚದುರಿಹೋಗುತ್ತಾರೆ.

ಹಾಗೆಂದು ನಮ್ಮ ಅಗಲವಾದ ಬಾಗಿಲನ್ನು ಹೊಗಳಲೂ ನನಗೆ ಮನಸ್ಸಿಲ್ಲ. 2003ರ ಸಾ ಪೈಪ್ಸ್ ತೀರ್ಪಿನಿಂದ ಆರಂಭವಾಗಿ ಸಾರ್ವಜನಿಕ ನೀತಿಯ ಹೆಸರಿನಲ್ಲಿ ನಾವು ಕಾನೂನಿನ ತಪ್ಪುಗಳನ್ನು ಕೆದಕುತ್ತ ಬಂದೆವು. 2015ರ ತಿದ್ದುಪಡಿಯು ಅದಕ್ಕೆ ಕಡಿವಾಣ ಹಾಕಿ, ಎದ್ದು ಕಾಣುವ ಅಕ್ರಮವೆಂಬ ಕಾರಣವನ್ನು ದೇಶದೊಳಗಿನ ವಾಣಿಜ್ಯ ವ್ಯಾಜ್ಯಗಳಿಗಷ್ಟೇ ಸೀಮಿತಗೊಳಿಸಿತು. ಅಲ್ಲದೆ ಇಕ್ಸಿಡ್‌ನಲ್ಲಿ ರದ್ದಾದ ತೀರ್ಪು ಎಲ್ಲೆಡೆಯೂ ಸತ್ತಂತೆಯೇ, ಬೇಕಾದರೆ ಹೊಸ ಪೀಠದ ಮುಂದೆ ಮೊದಲಿನಿಂದ ತೊಡಗಬೇಕು. ಒಂದು ದೇಶದ ನ್ಯಾಯಾಲಯವು ತಳ್ಳಿಹಾಕಿದ ವಾಣಿಜ್ಯ ತೀರ್ಪಿಗಾದರೋ ಬೇರೆ ದೇಶದಲ್ಲಿ ಉಸಿರಾಡುವ ಅವಕಾಶ ಉಳಿದೇ ಇರುತ್ತದೆ. ದೆಹಲಿಯಲ್ಲಿ ಬಿದ್ದ ದೇವಾಸ್ ತೀರ್ಪಿನ ವಸೂಲಿಯ ಮೊಕದ್ದಮೆಯನ್ನು 2025ರ ಜೂನಿನಲ್ಲಿಯೂ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮುಂದುವರಿಯಲು ಬಿಟ್ಟಿತು.

ನನ್ನ ಹಳೆಯ ಹಠವನ್ನು ಓದುಗರು ಬಲ್ಲರು: ಸರ್ಕಾರಗಳು ತಮ್ಮ ಕರಾರಿನ ಕೊನೆಯ ಪುಟವನ್ನು ಮೊದಲು ಓದಬೇಕು. 2011ರಲ್ಲಿ ಕರಾರನ್ನು ರದ್ದುಗೊಳಿಸಿದಾಗ ಸಂಪುಟವು ಸಾರಿದ ಕಾರಣ ತರಂಗಾಂತರದ ರಾಷ್ಟ್ರೀಯ ಅಗತ್ಯವೇ ಹೊರತು ವಂಚನೆಯಲ್ಲ. ವಂಚನೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಸ್ಥಿರಪಡಿಸಿದ್ದು 2022ರಲ್ಲಿ. ಹನ್ನೊಂದು ವರ್ಷ ತಡವಾಗಿ ಬಂದ ಈ ಜ್ಞಾನೋದಯವನ್ನು ಸ್ವಿಟ್ಜರ್ಲೆಂಡಿನ ನ್ಯಾಯಾಧೀಶರು ಮೊದಲೇ ಊಹಿಸಬೇಕಾಗಿತ್ತೆಂದು ದೂರದರ್ಶನದ ಪಂಡಿತರು ಬಯಸುವುದಾದರೆ, ಅವರು ಮುಂದಿನ ಮಧ್ಯಸ್ಥಿಕೆಗೆ ವಕೀಲರನ್ನು ಬಿಟ್ಟು ಜ್ಯೋತಿಷಿಗಳನ್ನು ನೇಮಿಸಿಕೊಳ್ಳಲಿ.