ಟೊಂಕನೋವೆಂಬ ಒಂದೇ ಹೆಸರು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಮ್ಮ ಈ ಸೀಮೆಯಲ್ಲಿ ಟೊಂಕನೋವನ್ನು ಅರಿಯದ ಮನೆಯಿಲ್ಲ. ಬಹುಶಃ ಆ ಕಾರಣಕ್ಕೇ ಟೊಂಕನೋವೆಂದವನ ಮಾತಿಗೆ ಇಲ್ಲಿ ಬೆಲೆಯೂ ಇಲ್ಲ. "ನಾಲ್ಕು ದಿನ ಮಲಗು, ಸರಿಹೋಗುತ್ತದೆ" ಎಂಬುದು ನಮ್ಮೆಲ್ಲರ ನಾಲಿಗೆಯ ಮೇಲಿರುವ ಸಿದ್ಧ ಉತ್ತರ. ಕೆಲವು ಹರೆಯದವರ ಪಾಲಿಗೆ ಈ ಉತ್ತರ ಬರಿಯ ತಪ್ಪಲ್ಲ, ಅಪಾಯಕಾರಿಯಾದ ತಪ್ಪು. ಆ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಮಾತನ್ನು ಹೇಳುವ ಹೊಣೆಯೂ ನನ್ನದೇ.

ಕುಷ್ಟಗಿ ತಾಲೂಕಿನ ಹಳ್ಳಿಯೊಂದರ ನನ್ನ ಹಳೆಯ ಶಿಷ್ಯನನ್ನು ಅವನ ತಂದೆ ಒಂದು ದಿನ ನಮ್ಮ ಮನೆಗೆ ಕರೆತಂದರು. ಹುಡುಗನಿಗೆ ಆಗ ಇಪ್ಪತ್ತೆರಡು ವರ್ಷ. "ಹೊತ್ತು ಏರಿದ್ರೂ ಹಾಸಿಗಿ ಬಿಡಂಗಿಲ್ರೀ ಸರ, ನೀವರ ಒಂದು ಮಾತು ಹೇಳ್ರಿ" ಎಂದು ಅವರು ದೂರಿಕೊಂಡರು. ಹುಡುಗ ತಲೆತಗ್ಗಿಸಿ, "ಮುಂಜಾನಿ ಟೊಂಕ ಕಟ್ಟಿಗಿ ಆಗಿರತೈತ್ರೀ ಸರ. ಒಂದು ತಾಸು ಅಡ್ಡಾಡಿದ ಮ್ಯಾಲ ಸಡ್ಲ ಆಗತೈತಿ" ಎಂದ. ನಾನು ನಕ್ಕು, ಬೆಳಗಿನ ಜಾವ ಏಳುವುದರ ಮಹತ್ವವನ್ನು ಕುರಿತು ಒಂದು ಉಪನ್ಯಾಸವನ್ನೇ ಕೊಟ್ಟು ಕಳುಹಿಸಿದೆ. ಅವನ ರೋಗದ ಹೆಸರು ಆ ಎರಡು ವಾಕ್ಯಗಳಲ್ಲಿಯೇ ಇತ್ತೆಂಬುದು ನನಗೆ ತಿಳಿದದ್ದು ಆರು ವರ್ಷಗಳ ನಂತರ.

ಆ ಆರು ವರ್ಷ ಅವನು ಅಲೆಯದ ಜಾಗವಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರು. ಸೊಂಟದ ಎಂ.ಆರ್.ಐ. ಮಾಡಿಸಿ, ಡಿಸ್ಕ್ ತುಸು ಉಬ್ಬಿದೆಯೆಂದು ಬೆಲ್ಟು ಕೊಟ್ಟು ಮಲಗಿಸಿದರು. ಮಲಗಿದಷ್ಟೂ ನೋವು ಹೆಚ್ಚಿತು. ಕೊನೆಗೊಮ್ಮೆ ಕಣ್ಣು ಕೆಂಪಾಗಿ, ಬೆಳಕನ್ನು ನೋಡಲಾಗದೆ ನೇತ್ರವೈದ್ಯರ ಬಳಿಗೆ ಹೋದ. ಕಣ್ಣಿನ ನಡುಪದರದ ಉರಿಯೂತವನ್ನು ಕಂಡ ಆ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಎದ್ದಾಗ ನಿನ್ನ ಸೊಂಟ ಬಿಗಿದಿರುತ್ತದೆಯೇ?" ಅಲ್ಲಿಂದ ಅವನು ಹುಬ್ಬಳ್ಳಿಯ ಸಂಧಿವಾತ ತಜ್ಞರ ಬಳಿ ಸೇರಿದ. ರೋಗಕ್ಕೆ ಹೆಸರು ಸಿಕ್ಕಿತು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ದೇಹದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ಬೆನ್ನುಹುರಿಯ ಸುತ್ತಣ ಕೀಲುಗಳಲ್ಲಿ ಉರಿಯೂತ ಹುಟ್ಟಿಸುವ ಕಾಯಿಲೆಯಿದು. ಬಿಟ್ಟರೆ, ಕಾಲಕ್ರಮದಲ್ಲಿ ಕೆಲವರ ಬೆನ್ನೆಲುಬುಗಳು ಒಂದಕ್ಕೊಂದು ಬೆಸೆದು ಬೆನ್ನು ಬಿದಿರಿನ ಗಳದಂತಾಗುತ್ತದೆ.

ಗಂಗಾವತಿಯ ಕಡೆ ದಿನವಿಡೀ ಬಾಗಿ ಭತ್ತದ ಸಸಿ ನೆಡುವ ತಾಯಿಯ ಟೊಂಕನೋವನ್ನೂ ಈ ಹುಡುಗನ ಟೊಂಕನೋವನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಆಕೆಯ ನೋವು ದುಡಿದಾಗ ಹೆಚ್ಚುತ್ತದೆ, ಮಲಗಿದಾಗ ಇಳಿಯುತ್ತದೆ. ಇವನದು ತದ್ವಿರುದ್ಧ. 2009ರ ಸುಮಾರಿಗೆ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಇಂಥ ಉರಿಯೂತದ ಬೆನ್ನುನೋವಿಗೆ ಐದು ಲಕ್ಷಣಗಳನ್ನು ಗುರುತಿಸಿತು. ನಲವತ್ತರೊಳಗೆ ಆರಂಭವಾಗುವುದು, ಪೆಟ್ಟು ಬೀಳದೆ ಮೆಲ್ಲಮೆಲ್ಲನೆ ಶುರುವಾಗುವುದು, ಓಡಾಡಿದರೆ ಕಡಿಮೆಯಾಗುವುದು, ವಿಶ್ರಾಂತಿಯಿಂದ ಇಳಿಯದಿರುವುದು, ರಾತ್ರಿ ನಿದ್ದೆಯಿಂದ ಎಬ್ಬಿಸಿ, ಎದ್ದು ತಿರುಗಾಡಿದರೆ ತಣಿಯುವುದು. ಮೂರು ತಿಂಗಳು ಮೀರಿದ ನೋವಿಗೆ ಇವುಗಳಲ್ಲಿ ನಾಲ್ಕು ಹೊಂದಿದರೆ ಅನುಮಾನಿಸಬೇಕು. ಇದಕ್ಕೆ ಯಂತ್ರ ಬೇಡ, ಹಣ ಬೇಡ, ಕೇಳುವ ತಾಳ್ಮೆ ಸಾಕು. ಆ ತಾಳ್ಮೆ ನನ್ನಲ್ಲಿಯೂ ಇರಲಿಲ್ಲ.

ಇನ್ನು "ಎಕ್ಸ್‌ರೇ ನಾರ್ಮಲ್, ಆದ್ದರಿಂದ ರೋಗವಿಲ್ಲ" ಎಂಬ ತೀರ್ಪಿನ ಮಾತು. ಈ ರೋಗ ಸಾಮಾನ್ಯವಾಗಿ ಮೊದಲು ಹಿಡಿಯುವುದು ಬೆನ್ನಿನ ಬುಡದಲ್ಲಿ, ತ್ರಿಕಾಸ್ಥಿಯು ಸೊಂಟದ ಎಲುಬಿಗೆ ಕೂಡುವ ಸ್ಯಾಕ್ರೋಇಲಿಯಾಕ್ ಕೀಲುಗಳನ್ನು. ಎಕ್ಸ್‌ರೇ ತೋರಿಸುವುದು ಎಲುಬು ಸವೆದ, ಬೆಸೆದ ಗುರುತನ್ನು. ಅಂದರೆ ಮನೆ ಸುಟ್ಟ ಮೇಲಿನ ಬೂದಿಯನ್ನು. ಆ ಗುರುತು ಮೂಡಲು ವರ್ಷಗಳೇ ಬೇಕಾಗಬಹುದು. ಉರಿಯುತ್ತಿರುವ ಬೆಂಕಿಯನ್ನು ತೋರಿಸುವುದು ಎಂ.ಆರ್.ಐ. ಅದರಲ್ಲಿಯೂ ಕೊಬ್ಬಿನ ಹೊಳಪನ್ನು ಅಡಗಿಸಿ ನೀರಿನಂಶವನ್ನು ಬೆಳಗಿಸುವ 'ಸ್ಟಿರ್' ಎಂಬ ವಿಧಾನದಲ್ಲಿ, ಕೀಲಿನ ಅಂಚಿನ ಎಲುಬಿನ ಮಜ್ಜೆಯ ಬಾವು ಬೆಳ್ಳಗೆ ಕಾಣುತ್ತದೆ.

ನನ್ನ ಶಿಷ್ಯನಿಗೂ ಎಂ.ಆರ್.ಐ. ಆಗಿತ್ತಲ್ಲ ಎಂದು ಕೇಳಬಹುದು. ಆಗಿದ್ದು ಸೊಂಟದ ಡಿಸ್ಕುಗಳದ್ದು; ಸಾಮಾನ್ಯವಾಗಿ ಆ ಚಿತ್ರಗಳಲ್ಲಿ ಈ ಕೀಲುಗಳು ಸರಿಯಾಗಿ ಸೇರುವುದಿಲ್ಲ. ಚೀಟಿಯಲ್ಲಿ "ಸ್ಯಾಕ್ರೋಇಲಿಯಾಕ್ ಕೀಲುಗಳು" ಎಂದು ಬರೆಯದೆ ಹೋದರೆ ದುಡ್ಡು ಹೋಗುತ್ತದೆ, ಉತ್ತರ ಸಿಗುವುದಿಲ್ಲ. ಹಾಗೆಂದು ಚಿತ್ರವೇ ಕೊನೆಯ ಮಾತೂ ಅಲ್ಲ. ಹೆರಿಗೆಯಾದವರಲ್ಲಿ, ಕಠಿಣ ವ್ಯಾಯಾಮ ಮಾಡುವವರಲ್ಲಿ ಇಂಥದೇ ಬಾವು ಕಾಣಬಹುದು. ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆಯೂ ಹಾಗೆಯೇ: ಅದು ಪಾಸಿಟಿವ್ ಬಂದವರಲ್ಲಿ ಬಹುಪಾಲು ಜನರಿಗೆ ಈ ರೋಗ ಎಂದೂ ಬರುವುದಿಲ್ಲ. ಕಥೆ, ಚಿತ್ರ, ರಕ್ತ, ಮೂರನ್ನೂ ಕೂಡಿಸಿ ಓದುವವನೇ ವೈದ್ಯ.

ಚಿಕಿತ್ಸೆಯ ವಿಷಯದಲ್ಲಿಯೂ ನಮ್ಮಲ್ಲಿ ಎರಡು ಅತಿಗಳಿವೆ. ಒಂದು, ಸ್ಟೀರಾಯ್ಡ್ ಬೆರೆಸಿದ ಪೊಟ್ಟಣ ಮತ್ತು ಬಿಗಿದ ಬೆನ್ನನ್ನು ಲಟಕ್ಕನೆ ತಿರುವುವ ಕೈ. ಬೆಸೆದ ಬೆನ್ನೆಲುಬು ಬಲವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ. ಅಂಥ ತಿರುವಿಗೆ ಮುರಿದರೆ ಕೈಕಾಲೇ ಹೋಗಬಹುದು. ಇನ್ನೊಂದು, ಮೊದಲ ದಿನವೇ ದುಬಾರಿ ಸೂಜಿಯ ಆಸೆ. ಸರಿಯಾದ ಕ್ರಮವೆಂದರೆ ನಿತ್ಯದ ವ್ಯಾಯಾಮದೊಂದಿಗೆ ನೆಪ್ರಾಕ್ಸೆನ್‌ನಂಥ ಉರಿಯೂತ ಇಳಿಸುವ ಮಾತ್ರೆ, ವೈದ್ಯರ ನಿಗಾದಲ್ಲಿ, ಪೂರ್ಣ ಪ್ರಮಾಣದಲ್ಲಿ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಒಂದು ಸೋತು, ಕೆಲವು ವಾರಗಳಲ್ಲಿ ಎರಡನೆಯದೂ ಸೋತರೆ ಆಗ ಬಯೊಲಾಜಿಕ್ ಔಷಧಿಗಳ ಸರದಿ.

ಇವನಿಗೆ ಆಯ್ಕೆಯಾದದ್ದು ಅಡಾಲಿಮುಮ್ಯಾಬ್: ಚರ್ಮದ ಕೆಳಗೆ ಹದಿನಾಲ್ಕು ದಿನಕ್ಕೊಮ್ಮೆ 40 ಮಿಲಿಗ್ರಾಂ. ಉರಿಯೂತವನ್ನು ಹೊತ್ತಿಸುವ ಟಿ.ಎನ್.ಎಫ್. ಎಂಬ ಅಣುವನ್ನು ಅದು ಕಟ್ಟಿಹಾಕುತ್ತದೆ. ಆದರೆ ದೇಹದೊಳಗೆ ಮಲಗಿರುವ ಕ್ಷಯರೋಗವನ್ನು ಸುತ್ತುವರಿದು ಕಾಯುವುದೂ ಅದೇ ಅಣು. ಆದ್ದರಿಂದ ಮೊದಲು ಎದೆಯ ಎಕ್ಸ್‌ರೇ, ಮ್ಯಾಂಟೂ ಪರೀಕ್ಷೆ, ಹೆಪಟೈಟಿಸ್-ಬಿ ಪರೀಕ್ಷೆ ಆಗಲೇಬೇಕು. ಇವನಿಗೆ ಸುಪ್ತ ಕ್ಷಯವಿದ್ದುದರಿಂದ ಮೊದಲೊಂದು ತಿಂಗಳು ಅದರ ತಡೆಗುಳಿಗೆ ನುಂಗಿ, ಅದನ್ನು ಮುಂದುವರಿಸುತ್ತಲೇ ಸೂಜಿ ಆರಂಭಿಸಿದರು. ಔಷಧಿಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು. ಏಪ್ರಿಲ್‌ನ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿಗೆ ಬಸ್ಸಿನಲ್ಲಿ ಮಂಜಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವರು, ಅವನನ್ನು ಸೋಮಾರಿಯೆಂದಿದ್ದ ಅದೇ ತಂದೆ.

ಮೂರು ತಿಂಗಳಲ್ಲಿ ಅವನು ರಾತ್ರಿಯಿಡೀ ಮಲಗತೊಡಗಿದ. ಆದರೆ ಆಗಲೇ ಬಾಗಿ ಬೆಸೆದಿದ್ದ ಕತ್ತು ಹಾಗೆಯೇ ಉಳಿಯಿತು. ಔಷಧಿ ಬೆಂಕಿಯನ್ನು ಆರಿಸುತ್ತದೆ, ಸುಟ್ಟದ್ದನ್ನು ಕಟ್ಟಿಕೊಡುವುದಿಲ್ಲ. ಅವನು ಇಂದು ನನ್ನನ್ನು ನೋಡಬೇಕಾದರೆ ಕತ್ತನ್ನಲ್ಲ, ಇಡೀ ಮೈಯನ್ನು ತಿರುಗಿಸುತ್ತಾನೆ.

"ಟೊಂಕನೋವಿಗೆಲ್ಲ ಎಂ.ಆರ್.ಐ. ಮಾಡಿಸಿದರೆ ಬಡವರ ಗತಿಯೇನು?" ಎಂದು ಗೆಳೆಯರೊಬ್ಬರು ವಾದಿಸಿದರು. ಎಲ್ಲರಿಗೂ ಬೇಡವೆಂದೇ ನಾನೂ ಹೇಳುವುದು. ಐದು ಪ್ರಶ್ನೆಗಳು ಮೊದಲು, ಯಂತ್ರ ಆಮೇಲೆ. ಆರು ವರ್ಷದ ಬೆಲ್ಟು, ಸೂಜಿ, ಕೂಲಿನಷ್ಟಗಳನ್ನು ಕೂಡಿಸಿ ನೋಡಿದರೆ ಬಡವನಿಗೆ ದುಬಾರಿಯಾದದ್ದು ಪರೀಕ್ಷೆಯಲ್ಲ, ತಡ. 2014ರ ಕೊನೆಯಲ್ಲಿ ಭಾರತದಲ್ಲಿಯೇ ತಯಾರಾದ ಅಡಾಲಿಮುಮ್ಯಾಬ್ ಮಾರುಕಟ್ಟೆಗೆ ಬಂದ ಮೇಲೆ ಬೆಲೆ ಬಹಳ ಇಳಿದಿದೆ. ಆದರೂ ಒಕ್ಕಲುಮಗನ ಕೈಗೆ ಅದು ಭಾರವೇ. ಅದರ ಹೊರೆಯನ್ನು ಸರಕಾರ ಹೊರಬೇಕೆಂದು ಕೇಳುವುದು ನ್ಯಾಯ. ಆದರೆ ರೋಗದ ಹೆಸರೇ ಗೊತ್ತಾಗದವನು ಏನೆಂದು ಅರ್ಜಿ ಬರೆದಾನು?

ನಿಮ್ಮ ಮನೆಯ ಹುಡುಗನೋ ಹುಡುಗಿಯೋ (ಇದು ಹೆಣ್ಣುಮಕ್ಕಳಿಗೂ ಬರುತ್ತದೆ) ಹೊತ್ತೇರಿದರೂ ಏಳದಿದ್ದರೆ, ಬಯ್ಯುವ ಮೊದಲು ಒಂದು ಮಾತು ಕೇಳಿರಿ: "ಅಡ್ಡಾಡಿದ ಮೇಲೆ ಸಡಿಲವಾಗುತ್ತದೆಯೇ?" ನಾನು ಕೇಳಬೇಕಿದ್ದುದು ಅಷ್ಟೇ. ಅವನು ಕೇಳದೆಯೇ ಹೇಳಿದ್ದ.